ಪರದೇಶದ ಸಹಿ, ಸತ್ತೂರಿನ ಜಮೀನು

ಧಾರವಾಡದಿಂದ ಹುಬ್ಬಳ್ಳಿಗೆ ಹೊರಟ ಬಸ್ಸಿನ ಕಿಟಕಿಯಲ್ಲಿ ಸತ್ತೂರು ಈಗ ಹಳ್ಳಿಯಾಗಿ ಕಾಣುವುದಿಲ್ಲ. ಎಸ್‌ಡಿಎಂ ದಂತ ಕಾಲೇಜು 1986ರಲ್ಲಿ ಬಂತು, ಬಳಿಕ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಬಂದವು, ಕೊನೆಗೆ ಬಿಆರ್‌ಟಿಎಸ್‌ ರಸ್ತೆಯೂ ಬಂತು. ಒಂದು ಕಾಲಕ್ಕೆ ಎಕರೆ ಲೆಕ್ಕದಲ್ಲಿ ಮಾತಾಗುತ್ತಿದ್ದ ನೆಲದ ವ್ಯವಹಾರ ಈಗ ಚದರಡಿಯ ಲೆಕ್ಕದಲ್ಲಿ ನಡೆಯುತ್ತದೆ. ಇಂಥ ನೆಲದ ಒಡೆಯರಲ್ಲಿ ಅನೇಕರು ಇಲ್ಲಿಲ್ಲ. ಓದಿ, ನೌಕರಿ ಹಿಡಿದು, ಮದುವೆಯಾಗಿ ಅಮೆರಿಕಕ್ಕೋ ಇಂಗ್ಲೆಂಡಿಗೋ ಕೊಲ್ಲಿಗೋ ಹೋದವರು ತಂದೆಯ ಮನೆಯ ಪಾಲನ್ನೋ, ನೌಕರಿಯ ಮೊದಲ ವರ್ಷಗಳಲ್ಲಿ ಕೊಂಡ ಎನ್‌ಎ ಪ್ಲಾಟನ್ನೋ ಇಲ್ಲಿ ಬಿಟ್ಟಿರುತ್ತಾರೆ. ಅವರನ್ನೂ ಆ ನೆಲವನ್ನೂ ಕೂಡಿಸುವ ಕೊಂಡಿ ಸಾಮಾನ್ಯವಾಗಿ ಒಂದೇ ಕಾಗದ: ಸಾಮಾನ್ಯ ಅಧಿಕಾರ ಪತ್ರ, ಎಲ್ಲರ ಬಾಯಲ್ಲಿ ಜಿಪಿಎ. ನಮ್ಮ ಭಾಗದ ಹಳೆಯ ಬಾಂಡ್ ರೈಟರುಗಳು ಅದನ್ನು ವಟಮುಖತ್ಯಾರ ಪತ್ರ ಎನ್ನುತ್ತಾರೆ.

ಈ ಕಾಗದದ ಬಗೆಗೆ ಎರಡು ವಿರುದ್ಧ ತಪ್ಪು ಕಲ್ಪನೆಗಳಿವೆ. ಕೊಡುವವರು ಇದನ್ನು ಮನೆಯ ಕೀಲಿಕೈ ಎಂದುಕೊಳ್ಳುತ್ತಾರೆ; ಬೇಕೆಂದಾಗ ತಿರುಗಿ ಇಸಿದುಕೊಂಡರಾಯಿತು ಎಂಬ ಧೈರ್ಯ ಅವರದು. ಪಡೆಯುವವರು, ಅವರಿಂದ ಕೊಳ್ಳುವವರು ಇದನ್ನು ಅರ್ಧ ಖರೀದಿಪತ್ರ ಎಂದುಕೊಳ್ಳುತ್ತಾರೆ. ಕಾನೂನಿನ ಕಣ್ಣಿನಲ್ಲಿ ಇದು ಇವೆರಡೂ ಅಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಇದೊಂದು ಪ್ರತಿನಿಧಿತ್ವ. ಮುಖತ್ಯಾರನ ಕೈ ಮಾಲೀಕನ ಕೈಯಾಗುತ್ತದೆ, ಆದರೆ ಆಸ್ತಿಯ ಒಡೆತನ ಕೂದಲೆಳೆಯಷ್ಟೂ ಕದಲುವುದಿಲ್ಲ. ಅಪಾಯ ಇರುವುದೂ ಇಲ್ಲಿಯೇ. ಒಡೆತನ ತನ್ನಲ್ಲೇ ಇದೆಯೆಂದು ಮಾಲೀಕ ನಿಶ್ಚಿಂತನಾಗಿರುವಾಗ, ಅವನ ಇನ್ನೊಂದು ಕೈ ಧಾರವಾಡದ ನೋಂದಣಿ ಕಚೇರಿಯಲ್ಲಿ ಸಹಿ ಮಾಡುತ್ತಿರಬಹುದು.

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಸತ್ತೂರಿನಲ್ಲಿ ತಂದೆ ಗಳಿಸಿದ ಒಂದು ಮನೆ, ಅದರ ಪಕ್ಕದಲ್ಲಿ 60 ಲಕ್ಷ ರೂಪಾಯಿ ಬೆಲೆಯ ಖಾಲಿ ಪ್ಲಾಟು. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದಾರೆ, ತಾಯಿಯೂ ಇಲ್ಲ. ವಾರಸುದಾರರು ಇಬ್ಬರು: ಅಮೆರಿಕದಲ್ಲಿರುವ ಅಕ್ಕ, ಊರಿನಲ್ಲಿರುವ ತಮ್ಮ. ಇಬ್ಬರಿಗೂ ಅರ್ಧರ್ಧ ಪಾಲು. ‘ವಾರಸಾ ದಾಖಲಿಸಬೇಕು, ತೆರಿಗೆ ಕಟ್ಟಬೇಕು, ಬಾಡಿಗೆದಾರರನ್ನು ನೋಡಿಕೊಳ್ಳಬೇಕು, ಪ್ರತಿಸಲ ನಿನ್ನನ್ನು ಕರೆಸಲಾಗುತ್ತದೆಯೇ ಅಕ್ಕಾ?’ ಎಂದು ತಮ್ಮ ಫೋನಿನಲ್ಲಿ ಕೇಳುತ್ತಾನೆ. ಮಾತು ನ್ಯಾಯವಾದದ್ದೇ. ಕೆಲವು ದಿನಗಳಲ್ಲಿ ಆರು ಪುಟದ ಕರಡು ಬರುತ್ತದೆ. ಅಕ್ಕ ಮೊದಲ ಪುಟವನ್ನೂ ಸಹಿಯ ಪುಟವನ್ನೂ ನೋಡುತ್ತಾಳೆ.

ನಡುವಿನ ನಾಲ್ಕು ಪುಟಗಳಲ್ಲಿ ಏನಿರುತ್ತದೆ? ಬಾಂಡ್ ರೈಟರರ ಬಳಿ ಇರುವುದು ಒಂದೇ ಅಚ್ಚು. ಅದರಲ್ಲಿ ತೆರಿಗೆ ಕಟ್ಟುವುದು, ಬಾಡಿಗೆ ವಸೂಲಿ ಮಾಡುವುದು, ಮಹಾನಗರ ಪಾಲಿಕೆಯಲ್ಲಿ ಅರ್ಜಿ ಕೊಡುವುದು, ದಾವೆ ಹೂಡುವುದು ಇವೆಲ್ಲ ಇರುತ್ತವೆ. ಅದೇ ಉಸಿರಿನಲ್ಲಿ ಮಾರುವ, ದಾನ ಕೊಡುವ, ಅಡವಿಡುವ, ವಾಟ್ನಿ ಮಾಡಿಕೊಳ್ಳುವ, ಹಕ್ಕು ಬಿಟ್ಟುಕೊಡುವ ಅಧಿಕಾರಗಳೂ ಇರುತ್ತವೆ. ಹಣ ಪಡೆದು ಪಾವತಿ ಕೊಡುವ, ತನ್ನ ಬದಲಿಗೆ ಇನ್ನೊಬ್ಬ ಮುಖತ್ಯಾರನನ್ನು ನೇಮಿಸುವ ಮಾತುಗಳೂ ಸೇರಿರುತ್ತವೆ. ಕೊನೆಗೆ, ಇವನು ಮಾಡಿದ್ದನ್ನೆಲ್ಲ ನಾನೇ ಮಾಡಿದಂತೆ ಒಪ್ಪುತ್ತೇನೆ ಎಂಬ ಒಂದು ಸಾಲು. ಇದರಲ್ಲಿ ಯಾರ ಸಂಚೂ ಇರಬೇಕಿಲ್ಲ. ಅಚ್ಚು ಬದಲಿಸುವ ತೊಂದರೆ ಯಾರಿಗೂ ಬೇಡವಾಗಿದೆ, ಅಷ್ಟೆ. ಆದರೆ ಈ ಉದಾಹರಣೆಯಲ್ಲಿ ಮುಖತ್ಯಾರನಾದ ತಮ್ಮ ಅದೇ ಆಸ್ತಿಯ ಇನ್ನರ್ಧದ ಒಡೆಯ ಎಂಬುದನ್ನು ಗಮನಿಸಬೇಕು. ಅಕ್ಕನ ಪರವಾಗಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವವನೂ ಅವನೇ, ಅದರಿಂದ ಲಾಭ ಪಡೆಯುವವನೂ ಅವನೇ. ಪ್ರತಿನಿಧಿ ತನ್ನದೇ ಲಾಭಕ್ಕೆ ಮಾಲೀಕನಿಗೆ ತಿಳಿಸದೆ ವ್ಯವಹರಿಸಿದರೆ, ಮುಖ್ಯ ಸಂಗತಿಯನ್ನು ಮುಚ್ಚಿಟ್ಟಿದ್ದರೆ ಅಥವಾ ವ್ಯವಹಾರ ಹಾನಿಕರವಾಗಿದ್ದರೆ, ಮಾಲೀಕ ಅದನ್ನು ತಳ್ಳಿಹಾಕಬಹುದು ಎಂದು ಕರಾರು ಕಾಯ್ದೆಯ 215ನೇ ಕಲಮು ಹೇಳುತ್ತದೆ. ಆದರೆ ತಳ್ಳಿಹಾಕುವುದೆಂದರೆ ಧಾರವಾಡದ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವುದು ಎಂದರ್ಥ.

ಪತ್ರದಲ್ಲಿ ಬರೆಯದ ಅಧಿಕಾರವನ್ನು ನ್ಯಾಯಾಲಯಗಳು ಊಹಿಸಿಕೊಳ್ಳುವುದಿಲ್ಲ ಎಂಬುದು ಮಾಲೀಕರಿಗಿರುವ ದೊಡ್ಡ ರಕ್ಷಣೆ. ಕೇರಳದ ಇಬ್ಬರು ಸಹೋದರಿಯರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಇದನ್ನು ಖಚಿತಪಡಿಸಿತು. ತಂದೆಯ ಆಸ್ತಿಯ ವಿಷಯವಾಗಿ ಒಬ್ಬ ಸಹೋದರಿ 1971ರಲ್ಲಿ ಇನ್ನೊಬ್ಬಳಿಗೆ ಜಿಪಿಎ ಕೊಟ್ಟಿದ್ದಳು, 1985ರಲ್ಲಿ ಅದನ್ನು ರದ್ದುಪಡಿಸಿದಳು. ಈ ನಡುವೆ ಮುಖತ್ಯಾರಳು ನಾಲ್ಕು ಪತ್ರಗಳ ಮೂಲಕ ಆಸ್ತಿಯನ್ನು ಬೇರೆಯವರಿಗೆ ವರ್ಗಾಯಿಸಿಬಿಟ್ಟಿದ್ದಳು. ಪಾಲಿನ ದಾವೆ ಕೆಳಗಿನ ನ್ಯಾಯಾಲಯದಲ್ಲಿ ಗೆದ್ದು, ಹೈಕೋರ್ಟಿನಲ್ಲಿ ಸೋತು, ದೆಹಲಿಗೆ ಹೋಯಿತು. ಆ ಪತ್ರದಲ್ಲಿ ಗುತ್ತಿಗೆ ಕೊಡುವ, ಅಡವಿಡುವ ಅಧಿಕಾರವಿತ್ತು; ದಸ್ತಾವೇಜುಗಳನ್ನು ಬರೆದು ನೋಂದಾಯಿಸುವ ಮಾತೂ ಇತ್ತು. ಮಾರುವ ಅಧಿಕಾರವೆಂಬ ಮಾತು ಮಾತ್ರ ಇರಲಿಲ್ಲ. ದಸ್ತಾವೇಜು ನೋಂದಾಯಿಸುವ ಅಧಿಕಾರದಿಂದ ಮಾರಾಟದ ಅಧಿಕಾರ ಹುಟ್ಟುವುದಿಲ್ಲ, ಮುಖತ್ಯಾರಳಿಗೆ ಇಲ್ಲದ ಹಕ್ಕು ಕೊಂಡವರಿಗೆ ಬರಲಾರದು ಎಂದು ನ್ಯಾಯಾಲಯ ಹೇಳಿತು. ಪಾಲು ಉಳಿಯಿತು, ನಿಜ. ಪತ್ರ ಬರೆದ ಐವತ್ತು ವರ್ಷಗಳ ಮೇಲೆ.

ಹಾಗೆಂದರೆ ಅಕ್ಕನ ಹಿತ ಅಡಗಿರುವುದು ಪತ್ರದಲ್ಲಿ ಏನು ಬರೆಯಲಾಗಿದೆ ಎನ್ನುವುದಕ್ಕಿಂತ ಏನನ್ನು ಬಿಡಲಾಗಿದೆ ಎನ್ನುವುದರಲ್ಲಿ. ವಾರಸಾ, ತೆರಿಗೆ, ಬಾಡಿಗೆ, ದುರಸ್ತಿ ಇಷ್ಟಕ್ಕೆ ಒಂದು ಪತ್ರ ಸಾಕು. ‘ಮಾರಾಟ, ದಾನ, ಅಡಮಾನ, ವಾಟ್ನಿ, ಹಕ್ಕುಬಿಡುಗಡೆ ಮಾಡಲು ಈ ಪತ್ರ ಅಧಿಕಾರ ಕೊಡುವುದಿಲ್ಲ, ಬದಲಿ ಮುಖತ್ಯಾರನನ್ನು ನೇಮಿಸುವಂತಿಲ್ಲ’ ಎಂದು ಅದರಲ್ಲೇ ಬಿಡಿಸಿ ಬರೆಯಬೇಕು. ಆಸ್ತಿಯ ಸರ್ವೆ ಅಥವಾ ಸಿಟಿಎಸ್ ಸಂಖ್ಯೆ, ಚಕ್ಕುಬಂದಿ, ಅಳತೆ ಬರೆಯಬೇಕು. ‘ನನ್ನ ಸಮಸ್ತ ಸ್ಥಿರ-ಚರ ಸ್ವತ್ತುಗಳು’ ಎಂಬ ಮಾತು ಬಂದರೆ ಕರಡನ್ನು ಮರಳಿಸುವುದೇ ಒಳ್ಳೆಯದು. ಪತ್ರಕ್ಕೆ ಒಂದು ಕೊನೆಯ ದಿನಾಂಕವೂ ಇರಲಿ. ಎರಡು ವರ್ಷಕ್ಕೊಮ್ಮೆ ಹೊಸ ಪತ್ರ ಬರೆಯುವುದು ತೊಂದರೆಯೇ, ಆದರೆ ಹಳೆಯ ಪತ್ರವನ್ನು ರದ್ದುಮಾಡುವ ತೊಂದರೆ ಅದಕ್ಕಿಂತ ದೊಡ್ಡದು.

ವಿದೇಶದಲ್ಲಿ ಬರೆದ ಪತ್ರಕ್ಕೆ ಬೇರೆ ವಿಧಿಯೇ ಇದೆ. ಭಾರತದಲ್ಲಿ ವಾಸಿಸದವರು ನೋಟರಿ, ನ್ಯಾಯಾಧೀಶ ಅಥವಾ ಭಾರತೀಯ ಕಾನ್ಸಲ್ ಎದುರು ಸಹಿ ಮಾಡಿ ದೃಢೀಕರಿಸಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆಯ 33ನೇ ಕಲಮು. ಅಪೊಸ್ಟಿಲ್ ಒಪ್ಪಂದ ಭಾರತದ ಮಟ್ಟಿಗೆ ಜಾರಿಗೆ ಬಂದದ್ದು 2005ರಲ್ಲಿ. ಅಂದಿನಿಂದ ಅಮೆರಿಕದಂಥ ದೇಶಗಳಲ್ಲಿ ನೋಟರಿಯ ಸಹಿಯ ಮೇಲೆ ಅಲ್ಲಿಯ ಸರ್ಕಾರದ ಅಪೊಸ್ಟಿಲ್ ಮುದ್ರೆ ಹಾಕಿಸಿ ಕಳಿಸುವ ಪದ್ಧತಿಯೂ ಬಳಕೆಗೆ ಬಂದಿದೆ. ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು. ಜಿಲ್ಲಾ ನೋಂದಣಾಧಿಕಾರಿಯ ಬಳಿ ಶುಲ್ಕ ನಿರ್ಣಯ ಮಾಡಿಸಿಕೊಳ್ಳುವುದು ಕ್ರಮ. ಬಂದ ದಿನಾಂಕಕ್ಕೆ ಸಾಕ್ಷಿಯಾಗಿ ಕೊರಿಯರ್ ಲಕೋಟೆಯನ್ನು ಕಾದಿಡಬೇಕು ಎಂಬ ಸಣ್ಣ ಸಂಗತಿಯನ್ನು ಅನೇಕರು ಮರೆಯುತ್ತಾರೆ.

ಇಲ್ಲಿಯೇ ಇನ್ನೊಂದು ಎಡರು ಕಾದಿರುತ್ತದೆ. ಮಾರುವ ಅಧಿಕಾರವನ್ನು ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿಯರ ಹೊರತು ಬೇರೆಯವರಿಗೆ ಕೊಟ್ಟರೆ, ಕರ್ನಾಟಕ ಮುದ್ರಾಂಕ ಕಾಯ್ದೆ ಆ ಪತ್ರಕ್ಕೆ ಖರೀದಿಪತ್ರದಷ್ಟೇ ಶುಲ್ಕ ಕೇಳುತ್ತದೆ, ಅದೂ ಮಾರುಕಟ್ಟೆ ಬೆಲೆಯ ಮೇಲೆ. ನಮ್ಮ ಉದಾಹರಣೆಯಲ್ಲಿ ತಮ್ಮನಿಗೆ ಕೊಟ್ಟರೆ ಈ ಭಾರವಿಲ್ಲ. ತಮ್ಮನ ಮಗನಿಗೆ ಕೊಟ್ಟರೆ ಅಕ್ಕನ ಪಾಲಿನ 30 ಲಕ್ಷದ ಮೇಲೆ ನೂರಕ್ಕೆ 5ರಂತೆ ಒಂದೂವರೆ ಲಕ್ಷ ರೂಪಾಯಿ. ನಾವು ಮನೆಯವರೇ ಎಂದು ತಿಳಿಯುವ ಚಿಕ್ಕಪ್ಪನ ಮಗ, ಭಾವ, ಮೈದುನ, ಅಳಿಯ ಯಾರೂ ಈ ಪಟ್ಟಿಯಲ್ಲಿ ಇಲ್ಲ. ಶುಲ್ಕ ಕಡಿಮೆ ಬಿದ್ದ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸದು. ಸ್ವೀಕರಿಸಬೇಕಾದರೆ ಕೊರತೆಯ ಜೊತೆಗೆ ಅದರ ಹತ್ತುಪಟ್ಟು ದಂಡ ಕಟ್ಟಬೇಕು.

ಮುಂದಿನ ಪ್ರಶ್ನೆ ಹಣದ್ದು. ಮಾರಾಟಕ್ಕೆ ನಿಜವಾಗಿಯೂ ಇಬ್ಬರೂ ಒಪ್ಪಿದ್ದಾರೆ ಎನ್ನೋಣ. ಪತ್ರದಲ್ಲಿ ‘ಕ್ರಯದ ಹಣ ಪಡೆದು ಪಾವತಿ ಕೊಡಲು’ ಎಂಬ ಮಾತಿದ್ದರೆ, ಕೊಳ್ಳುವವನು ತಮ್ಮನ ಕೈಗೆ ಕೊಟ್ಟ ಹಣ ಅಕ್ಕನಿಗೇ ಕೊಟ್ಟಂತೆ. ಆ ಹಣ ಅಕ್ಕನಿಗೆ ತಲುಪದಿದ್ದರೆ ಕೊಂಡವನನ್ನು ಕೇಳುವಂತಿಲ್ಲ. ಜಗಳ ಅಕ್ಕ-ತಮ್ಮಂದಿರ ನಡುವಿನದು. ಇದಕ್ಕೆ ಮದ್ದು ಸರಳ. ಹಣ ಪಡೆಯುವ ಅಧಿಕಾರವನ್ನೇ ಕೊಡದೆ, ‘ನನ್ನ ಪಾಲಿನ ಕ್ರಯದ ಹಣ ನನ್ನ ಇಂಥ ಬ್ಯಾಂಕಿನ ಎನ್‌ಆರ್‌ಒ ಖಾತೆಗೆ ನೇರವಾಗಿ ಜಮೆಯಾದರೆ ಮಾತ್ರ ಪಾವತಿಯಾದಂತೆ’ ಎಂದು ಖಾತೆ ಸಂಖ್ಯೆ ಸಹಿತ ಬರೆಯಬೇಕು. ಕೊಳ್ಳುವವನು ಪತ್ರವನ್ನು ಓದಿಯೇ ಓದುತ್ತಾನೆ. ಓದಿದ ಮೇಲೆ ತನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಈ ಒಂದು ವಾಕ್ಯದಿಂದಾಗುವ ಉಪಕಾರ ನಾಲ್ಕು ಪುಟಗಳ ಷರತ್ತುಗಳಿಂದ ಆಗುವುದಿಲ್ಲ ಎಂದು ನನ್ನ ಎಣಿಕೆ. ಕಪ್ಪು ಹಣದ ಪಾಲು ಕೇಳುವ ಕೊಳ್ಳುಗ ಈ ವಾಕ್ಯ ನೋಡಿ ಹಿಂದೆ ಸರಿಯಬಹುದು, ಸರಿದರೆ ಸರಿಯಲಿ.

ತೆರಿಗೆಯ ಮಾತೂ ಇದಕ್ಕೆ ಹೊಂದಿಕೊಂಡಿದೆ. ಸಹಿ ಮಾಡುವ ಮುಖತ್ಯಾರ ಸತ್ತೂರಿನವನಾದರೂ ಮಾರುವವಳು ಅನಿವಾಸಿಯೇ. ಆದ್ದರಿಂದ ಕೊಳ್ಳುವವನು ಆದಾಯ ತೆರಿಗೆಯನ್ನು ಅನಿವಾಸಿಗಳಿಗೆ ಅನ್ವಯಿಸುವ ದರದಲ್ಲಿ ಮುರಿದುಕೊಳ್ಳಬೇಕು, ನಿವಾಸಿಗಳಿಗಿರುವ ನೂರಕ್ಕೆ ಒಂದರ ದರದಲ್ಲಲ್ಲ. ಖರೀದಿಪತ್ರದಲ್ಲಿ ಅಕ್ಕನ ವಿಳಾಸವನ್ನೂ ಸತ್ತೂರು ಎಂದೇ ಬರೆದು ಇದನ್ನು ತಪ್ಪಿಸುವ ಜಾಣತನ ಮುಂದೆ ಇಬ್ಬರ ಕೊರಳಿಗೂ ಸುತ್ತಿಕೊಳ್ಳುತ್ತದೆ.

ಈಗ ಅತ್ಯಂತ ಕಷ್ಟದ ಘಟ್ಟ: ಕೊಟ್ಟದ್ದನ್ನು ಹಿಂದೆಗೆದುಕೊಳ್ಳುವುದು. ಅಕ್ಕನಿಗೆ ಅನುಮಾನ ಬಂದು ಜಿಪಿಎ ರದ್ದುಪಡಿಸುವ ಪತ್ರ ಬರೆದಳು ಎನ್ನೋಣ. ಅದು ಯಾವ ಕ್ಷಣದಿಂದ ಜಾರಿಗೆ ಬರುತ್ತದೆ? ಮುಖತ್ಯಾರನ ಮಟ್ಟಿಗೆ ಅವನಿಗೆ ತಿಳಿದಾಗ. ಮೂರನೆಯವರ ಮಟ್ಟಿಗೆ ಅವರಿಗೆ ತಿಳಿದಾಗ ಎನ್ನುತ್ತದೆ ಕರಾರು ಕಾಯ್ದೆಯ 208ನೇ ಕಲಮು. ರದ್ದತಿಯ ಸುದ್ದಿ ತಿಳಿಯದೆ ಪ್ರಾಮಾಣಿಕವಾಗಿ ಕೊಂಡವನನ್ನು ಕಾನೂನು ಕೈಬಿಡುವುದಿಲ್ಲ. ಹಾಗಾದರೆ ಕೊಳ್ಳುವವನಿಗೆ ತಿಳಿಸುವುದು ಹೇಗೆ? ರದ್ದತಿ ಪತ್ರವನ್ನು ನೋಂದಾಯಿಸಿದರೆ ಸಾಕು, ಇಡೀ ಲೋಕಕ್ಕೆ ತಿಳಿದಂತೆ ಎಂದು ಅನೇಕ ವಿದ್ಯಾವಂತರೂ ನಂಬಿದ್ದಾರೆ. ಹಾಗಾಗುವುದಿಲ್ಲ. ನೋಂದಣಿ ಕಚೇರಿಯಲ್ಲಿ ಸ್ಥಿರಾಸ್ತಿಯ ದಸ್ತಾವೇಜುಗಳು ಸೇರುವುದು ಒಂದನೆಯ ಪುಸ್ತಕಕ್ಕೆ. ಅಧಿಕಾರ ಪತ್ರಗಳು, ಅವುಗಳ ರದ್ದತಿ ಪತ್ರಗಳು ಸೇರುವುದು ಸಾಮಾನ್ಯವಾಗಿ ನಾಲ್ಕನೆಯ ಪುಸ್ತಕಕ್ಕೆ. ಕೊಳ್ಳುವವನು ತೆಗೆಸುವ ಋಣಭಾರ ಪ್ರಮಾಣಪತ್ರ, ಅಂದರೆ ನಾವು ಇಸಿ ಎನ್ನುವ ಕಾಗದ, ಒಂದನೆಯ ಪುಸ್ತಕದ ಕನ್ನಡಿ. ನಾಲ್ಕನೆಯ ಪುಸ್ತಕದ ನಕಲು ಪತ್ರದ ಕಕ್ಷಿದಾರರಿಗೆ ಅಥವಾ ಅವರ ಪ್ರತಿನಿಧಿಗಳಿಗೆ ಮಾತ್ರ ಸಿಗುತ್ತದೆ. ರದ್ದಾದ ಜಿಪಿಎಯ ಮೂಲಪ್ರತಿ ತಮ್ಮನ ಕೈಯಲ್ಲಿ ಇರುವ ತನಕ ಹೊರಗಿನವನ ಕಣ್ಣಿಗೆ ಅದು ಜೀವಂತ ಪತ್ರವೇ.

ಆದ್ದರಿಂದ ರದ್ದತಿಯ ಕೆಲಸ ಒಂದೇ ಕಚೇರಿಯಲ್ಲಿ ಮುಗಿಯುವುದಿಲ್ಲ. ಮೊದಲು ಮುಖತ್ಯಾರನಿಗೆ ಅಂಚೆಯಲ್ಲಿ ನೋಟಿಸ್ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಬೇಕು, ಮೂಲಪ್ರತಿಯನ್ನು ಮರಳಿ ಕೇಳಬೇಕು. ಸಂಬಂಧಪಟ್ಟ ಉಪನೋಂದಣಾಧಿಕಾರಿಗೆ, ಪಾಲಿಕೆಗೆ, ಬಾಡಿಗೆದಾರರಿಗೆ, ಬ್ಯಾಂಕಿಗೆ ರದ್ದತಿಯ ಪ್ರತಿ ಕಳಿಸಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಜನ ಓದುವ ಪತ್ರಿಕೆಯಲ್ಲಿ ಆಸ್ತಿಯ ವಿವರದೊಂದಿಗೆ ಜಾಹೀರು ಪ್ರಕಟಣೆ ಕೊಡಬೇಕು. ಪ್ಲಾಟಿನಲ್ಲಿ ಒಂದು ಫಲಕ ನೆಡುವುದು ಕಾನೂನಿನ ಪುಸ್ತಕದಲ್ಲಿ ಇಲ್ಲದಿದ್ದರೂ, ನೋಡಲು ಬಂದ ಗಿರಾಕಿಗೆ ಅದರಷ್ಟು ನೇರವಾಗಿ ತಿಳಿಸುವ ಸಾಧನ ಇನ್ನೊಂದಿಲ್ಲ. ರದ್ದತಿಗೆ ಮೊದಲೇ ನಡೆದುಹೋದ ವ್ಯವಹಾರಗಳನ್ನು ಇದ್ಯಾವುದೂ ಹಿಂದಿರುಗಿಸುವುದಿಲ್ಲ. ಹಾಗೆ ಏನಾದರೂ ನಡೆದಿದೆಯೇ ಎಂಬುದನ್ನು ಮಾತ್ರ ಕಾವೇರಿ ಜಾಲತಾಣದಲ್ಲಿ ಆಗಾಗ ಇಸಿ ತೆಗೆದು ವಿದೇಶದಿಂದಲೇ ನೋಡಬಹುದು. ನೋಂದಾಯಿಸದ ಸಂಚಕಾರದ ಕರಾರು ಅಲ್ಲಿಯೂ ಕಾಣಿಸದು.

ಮಾಲೀಕರ ಸಾವಿನೊಂದಿಗೆ ಜಿಪಿಎ ಕೂಡ ಸಾಯುತ್ತದೆ. ದೂರದ ಊರಿನ ಸಾವು ಇಲ್ಲಿಯ ಕಚೇರಿಗಳಿಗೆ ತಾನಾಗಿ ತಿಳಿಯದು ಎಂಬುದರಿಂದ ಅನಿವಾಸಿಗಳ ವಿಷಯದಲ್ಲಿ ಇದಕ್ಕೆ ಹೆಚ್ಚಿನ ಮಹತ್ವವಿದೆ. ಪತ್ರದ ತಲೆಯ ಮೇಲೆ ‘ರದ್ದುಪಡಿಸಲಾಗದ’ ಎಂಬ ವಿಶೇಷಣ ಸೇರಿಸಿದರೆ ಸಾವನ್ನೂ ದಾಟಬಹುದು ಎಂದು ಕೊಳ್ಳುವವರು ನಂಬುವುದುಂಟು. ಬೆಂಗಳೂರಿನ ಚುಂಚಘಟ್ಟದ ನಿವೇಶನವೊಂದರ ಕತೆ ಇದಕ್ಕೆ ಉತ್ತರ. ಅಲ್ಲಿ ಮಾಲೀಕ 1986ರಲ್ಲಿ ಒಬ್ಬ ಮಹಿಳೆಗೆ ಇಂಥ ಜಿಪಿಎಯನ್ನೂ ನೋಂದಾಯಿಸದ ಕ್ರಯದ ಕರಾರನ್ನೂ ಬರೆದುಕೊಟ್ಟಿದ್ದ. 1997ರ ಜನವರಿಯಲ್ಲಿ ಆತ ತೀರಿಕೊಂಡ. 1998ರ ಏಪ್ರಿಲ್‌ನಲ್ಲಿ ಆಕೆ ಅದೇ ಜಿಪಿಎ ಬಳಸಿ ತನ್ನ ಮಗನಿಗೆ ನೋಂದಾಯಿತ ಖರೀದಿಪತ್ರ ಮಾಡಿಕೊಟ್ಟಳು. 2003ರಲ್ಲಿ ಮೃತನ ವಾರಸುದಾರರು ಅದೇ ನಿವೇಶನವನ್ನು ಬೇರೊಬ್ಬರಿಗೆ ಮಾರಿದರು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಮುಖತ್ಯಾರಳ ಸ್ವಂತ ಹಿತ ಆಸ್ತಿಯಲ್ಲಿ ಇದೆಯೇ ಎಂಬುದನ್ನು ಪತ್ರದ ಒಳಗಿನ ಮಾತುಗಳು ತೋರಿಸಬೇಕು, ಹೆಸರಿನ ಮುಂದಿನ ವಿಶೇಷಣ ತೋರಿಸಲಾರದು. ಈ ಪತ್ರದಲ್ಲಿ ಅದಿರಲಿಲ್ಲ. ಆದ್ದರಿಂದ ಮಾಲೀಕನ ಸಾವಿನೊಂದಿಗೆ ಅಧಿಕಾರ ಮುಗಿಯಿತು, 1998ರ ಪತ್ರದಿಂದ ಮಗನಿಗೆ ಏನೂ ಬರಲಿಲ್ಲ. ಜಿಪಿಎ ಮತ್ತು ಕರಾರಿನಿಂದ ಒಡೆತನ ವರ್ಗವಾಗದು ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲೇ ಹೇಳಿದ ಮಾತು ಇಲ್ಲಿಯೂ ನಿಂತಿತು. ಮನೆಯವರಿಗೆ ವ್ಯವಹಾರ ನೋಡಿಕೊಳ್ಳಲು ಪ್ರಾಮಾಣಿಕವಾಗಿ ಕೊಟ್ಟ ಜಿಪಿಎಗಳಿಗೆ ಆ ತೀರ್ಪು ಅಡ್ಡಿಯಲ್ಲ ಎಂಬುದನ್ನೂ ನೆನಪಿಡಬೇಕು. ಮುಖತ್ಯಾರನಿಂದ ಕೊಳ್ಳುವವರು ಮಾಲೀಕರನ್ನು ನೇರವಾಗಿ, ನೋಂದಣಿಯ ವಾರದಲ್ಲೇ, ವಿಡಿಯೊ ಕರೆಯಲ್ಲಾದರೂ ಮಾತಾಡಿಸುವುದು ಸಂಕೋಚದ ವಿಷಯವಾಗಬಾರದು.

ಜಗಳ ನ್ಯಾಯಾಲಯ ಹತ್ತಿದರೆ ಇನ್ನೊಬ್ಬ ಮುಖತ್ಯಾರನನ್ನು ನೇಮಿಸಿ ಅಮೆರಿಕದಲ್ಲೇ ಕುಳಿತಿರಬಹುದು ಎಂದೂ ಅಕ್ಕ ತಿಳಿಯುವಂತಿಲ್ಲ. ಮುಖತ್ಯಾರ ದಾವೆ ಹೂಡಬಹುದು, ತಾನೇ ಮಾಡಿದ ಕೆಲಸಗಳ ಬಗ್ಗೆ ಹೇಳಬಹುದು. ಮಾಲೀಕರಿಗೆ ಮಾತ್ರ ಗೊತ್ತಿರುವ ಸಂಗತಿಗಳಿಗೆ ಅವರ ಬದಲು ಸಾಕ್ಷಿ ನುಡಿಯಲಾರ ಎಂದು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ. ‘ನಾನು ಮಾರಲು ಹೇಳಿರಲಿಲ್ಲ’ ಎಂಬ ಮಾತನ್ನು ಅಕ್ಕನೇ ಆಡಬೇಕು, ಪಾಟೀಸವಾಲನ್ನೂ ಅವಳೇ ಎದುರಿಸಬೇಕು.

ಮಾರಾಟಕ್ಕೆ ಬರಲಾಗದವರಿಗೆ ಕಾನೂನಿನಲ್ಲೇ ಇರುವ, ಬಳಕೆಯಲ್ಲಿ ಕಡಿಮೆಯಾಗಿರುವ ಒಂದು ದಾರಿ ಉಂಟು. ಖರೀದಿಪತ್ರದ ಕರಡನ್ನು ಇಲ್ಲಿ ಪೂರ್ತಿ ಸಿದ್ಧಪಡಿಸಿ ಅಕ್ಕನಿಗೆ ಕಳಿಸುವುದು. ಕೊಳ್ಳುವವನ ಹೆಸರು, ಅಳತೆ, ಬೆಲೆ, ಹಣ ಸೇರುವ ಖಾತೆ ಎಲ್ಲವೂ ಅದರಲ್ಲಿ ಇರುವಂತೆ ನೋಡಿಕೊಳ್ಳುವುದು. ಅಕ್ಕ ಆ ಖರೀದಿಪತ್ರಕ್ಕೆ ತಾನೇ ಸಹಿ ಮಾಡಿ ದೃಢೀಕರಿಸಿ, ಜೊತೆಗೆ ಅದನ್ನು ಕಚೇರಿಯಲ್ಲಿ ಹಾಜರುಪಡಿಸಿ ಸಹಿ ತನ್ನದೆಂದು ಒಪ್ಪಿಕೊಳ್ಳುವಷ್ಟಕ್ಕೆ ಮಾತ್ರ ತಮ್ಮನಿಗೆ ವಿಶೇಷ ಅಧಿಕಾರ ಪತ್ರ ಬರೆದು ಕಳಿಸಬಹುದು. 33ನೇ ಕಲಮು ಮೂಲತಃ ಇಂಥ ಸಂದರ್ಭಕ್ಕೇ ಬರೆದದ್ದು. ವಿದೇಶದಲ್ಲಿ ಸಹಿಯಾದ ದಸ್ತಾವೇಜನ್ನು ಭಾರತಕ್ಕೆ ಬಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಒಪ್ಪಿಸಲು ಅವಕಾಶವಿದೆ. ಆಗ ತಮ್ಮನ ಕೈಯಲ್ಲಿ ಉಳಿಯುವುದು ಒಂದು ದಿನದ ಕೆಲಸ; ಬೆಲೆಯಲ್ಲಿ ಒಂದು ಅಂಕಿಯನ್ನೂ ಅವನು ಬದಲಿಸಲಾರ. ಅಕ್ಕನ ಫೋಟೊ, ಬೆರಳಚ್ಚು ಹೇಗಿರಬೇಕು ಎಂಬುದನ್ನು ಮಾತ್ರ ಉಪನೋಂದಣಾಧಿಕಾರಿಯನ್ನು ಮೊದಲೇ ಕೇಳಿ ತಿಳಿಯಬೇಕು. ಕರಡು ಎರಡು ಸಲ ಹೋಗಿಬರಬಹುದು, ತಿಂಗಳೊಂದು ಹೆಚ್ಚು ಹಿಡಿಯಬಹುದು. ಕೊಳ್ಳುವವನು ಅಷ್ಟು ಕಾಯಲು ಒಪ್ಪದೆ, ‘ಜಿಪಿಎ ಇದ್ದರೆ ನಾಳೆಯೇ ಮಾಡಿಬಿಡೋಣ’ ಎಂದು ಅವಸರಿಸಿದರೆ, ಆ ಅವಸರಕ್ಕೆ ಕಾರಣವೇನೆಂದು ಅಕ್ಕ ಅವನಿಗೇ ಫೋನು ಮಾಡಿ ಕೇಳಬಹುದು.